ಮಾದರಿ ಅನುಪಾತಕ್ಕೆ 30ರ ನಿಯಮ ಹೊಂದುವುದಿಲ್ಲ

ಪ್ರಶ್ನೆ: ತಮ್ಮ ಬಿತ್ತನೆ ಬೀಜದಲ್ಲಿ ಮೊಳೆಯದ ಬೀಜಗಳು ಶೇ 5 ಮಾತ್ರ ಎಂದು ವ್ಯಾಪಾರಿ ಹೇಳುತ್ತಾರೆ. ನಾನು ಪರೀಕ್ಷಿಸಿದ 60 ಬೀಜಗಳಲ್ಲಿ 7 ಮೊಳೆಯಲಿಲ್ಲ. 60 ಎಂಬುದು 30ಕ್ಕಿಂತ ಹೆಚ್ಚಾದ್ದರಿಂದ ನಾರ್ಮಲ್ ಕೋಷ್ಟಕ ಬಳಸಿದೆ; z = 2.37, ಸಂಭವನೀಯತೆ 0.009 ಬಂತು. ಶೇ 1ರ ಮಟ್ಟದಲ್ಲಿ ಅವರ ಮಾತನ್ನು ತಿರಸ್ಕರಿಸಬಹುದಲ್ಲವೇ?

ಉತ್ತರ: ತಿರಸ್ಕರಿಸಲಾಗದು. ಪ್ರತಿ ವರ್ಷ ಹತ್ತಾರು ಉತ್ತರಪತ್ರಿಕೆಗಳಲ್ಲಿ ನಾನು ಕಾಣುವ ತಪ್ಪು ಇದೇ, ಮತ್ತು ಇದನ್ನು ಕಲಿಸುತ್ತಿರುವುದು ಕಾರಣ ಹೇಳದೆ ಸೂತ್ರ ಉರು ಹೊಡೆಸುವ ಗೈಡುಗಳು. 30 ಎಂಬುದು ಸರಾಸರಿಗಳ ವಿಷಯದಲ್ಲಿ, ಅದೂ ಮೂಲ ವಿತರಣೆ ತೀರಾ ಓರೆಯಾಗಿರದಿದ್ದಾಗ, ಬಳಸುವ ಒಂದು ಸ್ಥೂಲ ಅಳತೆ. ಅನುಪಾತದಲ್ಲಿ ಎಷ್ಟು ಬೀಜ ತೆಗೆದಿರಿ ಎಂಬುದರಷ್ಟೇ, ಇಡೀ ಸರಕಿನ ಅನುಪಾತ p ಸೊನ್ನೆಗೆ ಅಥವಾ ಒಂದಕ್ಕೆ ಎಷ್ಟು ಹತ್ತಿರವಿದೆ ಎಂಬುದೂ ಮುಖ್ಯ.

ವ್ಯಾಪಾರಿಯ ಮಾತು ನಿಜವೆಂದೇ ಇಟ್ಟುಕೊಳ್ಳಿ. ಅಂಥ ಸರಕಿನಿಂದ ಮತ್ತೆ ಮತ್ತೆ 60 ಬೀಜಗಳನ್ನು ತೆಗೆದರೆ ಮೊಳೆಯದವುಗಳ ಸಂಖ್ಯೆ ಸರಾಸರಿ 3 ಇರುತ್ತದೆ, ಮಾನಕ ವಿಚಲನೆ ಸುಮಾರು 1.69. ಈ ಸಂಖ್ಯೆ ಎಡಕ್ಕೆ ಮೂರೇ ಹೆಜ್ಜೆ ಸರಿಯಬಲ್ಲದು, ಏಕೆಂದರೆ ಸೊನ್ನೆಯ ಆಚೆ ಏನೂ ಇಲ್ಲ. ಬಲಕ್ಕೆ 57 ಹೆಜ್ಜೆಗಳ ಬಯಲಿದೆ. ಆದ್ದರಿಂದ ವಿತರಣೆಯ ಬಾಲ ಬಲಕ್ಕೆ ಉದ್ದವಾಗಿ ಎಳೆಯುತ್ತದೆ. ಎರಡೂ ಬದಿ ಸಮವಾಗಿರುವ ನಾರ್ಮಲ್ ರೇಖೆಯನ್ನು ಇದರ ಮೇಲೆ ಹೊದಿಸಿದರೆ, ಅದರ ಸುಮಾರು ಶೇ 4ರಷ್ಟು ಭಾಗ ಸೊನ್ನೆಗಿಂತ ಕೆಳಗೆ, ಯಾವ ಅನುಪಾತವೂ ಇರಲಾರದ ಜಾಗದಲ್ಲಿ, ಬೀಳುತ್ತದೆ. ನಿಮಗೆ ಬೇಕಾದ ಬಲಬದಿಯ ಬಾಲವಾದರೋ ನಿಜಕ್ಕಿಂತ ತೆಳುವಾಗುತ್ತದೆ.

ಎಷ್ಟು ತೆಳು ಎಂಬುದನ್ನು ದ್ವಿಪದ ವಿತರಣೆಯಿಂದ ನೇರವಾಗಿ ಲೆಕ್ಕ ಹಾಕಬಹುದು. ಎಕ್ಸೆಲ್‌ನಲ್ಲಿ ಒಂದು ಸಾಲು ಸಾಕು:

```
=1-BINOM.DIST(6,60,0.05,TRUE)
```

ಉತ್ತರ ಸುಮಾರು 0.030. ಅಂದರೆ 7 ಅಥವಾ ಅದಕ್ಕಿಂತ ಹೆಚ್ಚು ಬೀಜಗಳು ಮೊಳೆಯದಿರುವ ಸಂಭವನೀಯತೆ ನೀವು ಪಡೆದುದರ ಮೂರು ಪಟ್ಟಿಗಿಂತ ಹೆಚ್ಚು. ಏಳರ ಬದಲು ಆರೂವರೆಯಿಂದ ಅಳೆಯುವ ಸಾತತ್ಯ ತಿದ್ದುಪಡಿ ಮಾಡಿದರೂ 0.019ಕ್ಕೆ ಬಂದು ನಿಲ್ಲುತ್ತೀರಿ. ಶೇ 1ರ ಮಟ್ಟವನ್ನು ನೀವೇ ಆರಿಸಿಕೊಂಡಿರುವಾಗ ಈ ವ್ಯತ್ಯಾಸ ತೀರ್ಮಾನವನ್ನೇ ತಿರುಗಿಸುತ್ತದೆ.

ಕೋಷ್ಟಕ ತೆರೆಯುವ ಮೊದಲು ನೋಡಬೇಕಿದ್ದುದು np ಮತ್ತು n(1−p) ಎರಡೂ ಕನಿಷ್ಠ 10 ಇವೆಯೇ ಎಂಬುದನ್ನು. ನಿಮ್ಮಲ್ಲಿ ಮಾದರಿಯ ಗಾತ್ರ n 60, p 0.05; ಆದ್ದರಿಂದ np ಬರೀ 3. ಸರಾಸರಿಯಿಂದ ಮೂರು ಮಾನಕ ವಿಚಲನೆಗಳಷ್ಟು ಎಡಕ್ಕೆ ಹೋದರೂ ಸೊನ್ನೆಯನ್ನು ದಾಟಬಾರದು ಎಂದು ಬರೆದು ನೋಡಿದರೆ np ಎಂಬುದು 9(1−p)ಗಿಂತ ಕಡಿಮೆಯಿರಬಾರದು ಎಂದು ಬರುತ್ತದೆ. 10ರ ಷರತ್ತು ಕಾಯುವುದೂ ಈ ಅಂತರವನ್ನೇ. ಕೆಲವರು 5 ಸಾಕೆನ್ನುತ್ತಾರೆ. ಬಾಲದ ಸಣ್ಣ ಸಂಭವನೀಯತೆಯನ್ನು ನೆಚ್ಚಿ ಯಾರದೋ ಸರಕನ್ನು ತಿರಸ್ಕರಿಸುವ ಕೆಲಸಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಈ ಷರತ್ತಿಗೆ ಹಾಕಬೇಕಾದ p ವ್ಯಾಪಾರಿ ಹೇಳಿದ 0.05, ನಿಮಗೆ ಸಿಕ್ಕ 7/60 ಅಲ್ಲ. ಏಕೆಂದರೆ ಅವರ ಮಾತು ನಿಜವಾದಾಗ ಏನಾಗುತ್ತದೆ ಎಂಬುದನ್ನೇ ನೀವು ಲೆಕ್ಕ ಹಾಕುತ್ತಿದ್ದೀರಿ. p = 0.5 ಆಗಿದ್ದರೆ 20 ಬೀಜಗಳಿಗೇ ಷರತ್ತು ಪೂರೈಸುತ್ತಿತ್ತು; 0.05ಕ್ಕೆ 200 ಬೇಕು, 0.01ಕ್ಕೆ 1000. ಬೀಜ ಪರೀಕ್ಷಾ ಪ್ರಯೋಗಾಲಯಗಳು ಮೊಳಕೆ ಪರೀಕ್ಷೆಗೆ ನೂರರಂತೆ ನಾಲ್ಕು ಗುಂಪುಗಳಲ್ಲಿ 400 ಬೀಜಗಳನ್ನು ಇಡುತ್ತವೆ. ಅಲ್ಲಿ np 20 ಆಗುತ್ತದೆ.

ನೀವು ಬರೆಯದೆ ಬಿಟ್ಟಿರುವ ಸಂಗತಿಯೊಂದು ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತಿದೆ: ಆ 60 ಬೀಜಗಳು ಎಲ್ಲಿಂದ ಬಂದವು? ಒಂದೇ ಚೀಲದ ತೇವ ತಗುಲಿದ ಮೂಲೆಯಿಂದ ಒಂದು ಹಿಡಿ ತೆಗೆದಿದ್ದರೆ ಅವು ಒಟ್ಟಿಗೇ ಕೆಟ್ಟಿರುತ್ತವೆ, ಒಂದರ ಗತಿ ಇನ್ನೊಂದರ ಗತಿಯನ್ನು ಹೇಳಿಬಿಡುತ್ತದೆ. ಆಗ ದ್ವಿಪದದ ಲೆಕ್ಕವೂ ನಿಲ್ಲುವುದಿಲ್ಲ. ಹಲವು ಚೀಲಗಳ ಮೇಲೆ, ನಡುವೆ, ತಳದಲ್ಲಿ ತೆಗೆದು ಬೆರೆಸಿ, ಅದರಿಂದ 400 ಬೀಜಗಳನ್ನು ಇಟ್ಟು ಹೊಸದಾಗಿ ಎಣಿಸಿ. ಅದಾಗುವವರೆಗೆ ವ್ಯಾಪಾರಿಯ ಮೇಲೆ ದೂರು ಬರೆಯಬೇಡಿ.

ಪ್ರಶ್ನೆ: ಮಾದರಿ ಕನಿಷ್ಠ ಸಮಷ್ಟಿಯ ಶೇ 10ರಷ್ಟು ಇರಬೇಕಲ್ಲವೇ?

ಉತ್ತರ: ತಲೆಕೆಳಗಾಗಿ ಓದಿದ್ದೀರಿ: ಮರಳಿ ಹಾಕದೆ ತೆಗೆಯುವಾಗ ಶೇ 10ನ್ನು ಮೀರದಿದ್ದರೆ ಮಾನಕ ದೋಷದ ಸಾಮಾನ್ಯ ಸೂತ್ರವನ್ನು ತಿದ್ದದೆ ಬಳಸಬಹುದು ಎಂಬುದಷ್ಟೇ ಆ ಷರತ್ತು.

ಪ್ರಶ್ನೆ: ನಮ್ಮ ಆನ್‌ಲೈನ್ ಸಮೀಕ್ಷೆಗೆ ಎರಡು ಲಕ್ಷ ಜನ ಉತ್ತರಿಸಿದ್ದಾರೆ. ಇನ್ನು ಷರತ್ತು ನೋಡುವ ಅಗತ್ಯವಿದೆಯೇ?

ಉತ್ತರ: ಇದೆ. ಉತ್ತರಿಸಿದವರು ಎಲ್ಲಿಂದ ಬಂದವರು ಎಂಬ ದೋಷವನ್ನು ಸಂಖ್ಯೆ ತಿದ್ದುವುದಿಲ್ಲ. 1936ರ ಅಧ್ಯಕ್ಷ ಚುನಾವಣೆಗೆ ಮುನ್ನ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವರು ರೂಸ್‌ವೆಲ್ಟ್.