ಹಿಂದೆ ಬಿದ್ದ ಗಾರೆ ಕೆಲಸಕ್ಕೆ ರಿಕವರಿ ಪ್ರೋಗ್ರಾಂ ಕೇಳುವ ಪತ್ರ

ಪ್ರಶ್ನೆ: ನಾನು ಅಪಾರ್ಟ್‌ಮೆಂಟ್ ಕಟ್ಟಡವೊಂದರಲ್ಲಿ ಮುಖ್ಯ ಗುತ್ತಿಗೆದಾರರ ಕಡೆಯ ಎಂಜಿನಿಯರ್. ಒಳಗಾರೆಯ ಸಬ್ ಕಾಂಟ್ರಾಕ್ಟರ್ ಬಹಳ ಹಿಂದೆ ಬಿದ್ದಿದ್ದಾರೆ, ಬಾಯಲ್ಲಿ ಹೇಳಿ ಸಾಕಾಯಿತು. ಕೊರತೆ ತುಂಬಿಕೊಳ್ಳುವ ಹೊಸ ವೇಳಾಪಟ್ಟಿ, ಅಂದರೆ ರಿಕವರಿ ಪ್ರೋಗ್ರಾಂ ಕೇಳಿ ಪತ್ರ ಹೇಗೆ ಬರೆಯಬೇಕು?

ಉತ್ತರ: ಮೊದಲು ಅಳತೆ ಮಾಡಿಸಿ, ಆಮೇಲೆ ಬರೆಯಿರಿ. ಕೆಲವು ವರ್ಷಗಳ ಹಿಂದೆ ನಾನು ಇಂಥದ್ದೇ ಕೆಲಸದಲ್ಲಿ "ಕೆಲಸ ತೀರಾ ನಿಧಾನವಾಗಿದೆ, ಕೂಡಲೇ ವೇಗ ಹೆಚ್ಚಿಸಿ" ಎಂದು ಮೂರು ಪತ್ರ ಬರೆದಿದ್ದೆ. ಮೂರಕ್ಕೂ "ಹಬ್ಬ ಮುಗಿದ ಮೇಲೆ ಜನ ಬರುತ್ತಾರೆ" ಎಂಬ ಒಂದೇ ಉತ್ತರ ಬಂತು. ಕೊನೆಯ ಬಿಲ್ಲಿನಲ್ಲಿ ವಿಳಂಬದ ಹಣ ಕಡಿಯಲು ಹೋದಾಗ, ಎಷ್ಟು ಕೊರತೆ, ಯಾರಿಂದ ಕೊರತೆ ಎಂದು ತೋರಿಸುವ ಒಂದು ಹಾಳೆಯೂ ನನ್ನ ಬಳಿ ಇರಲಿಲ್ಲ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಕಾರ್ಯಾದೇಶದಲ್ಲಿ 14,400 ಚದರ ಮೀಟರ್ ಒಳಗಾರೆ, 24 ವಾರ ಅವಧಿ, ಅಂದರೆ ವಾರಕ್ಕೆ 600. ಹತ್ತನೇ ವಾರದ ಕೊನೆಗೆ 6,000 ಆಗಬೇಕಿತ್ತು. ಎರಡೂ ಕಡೆಯವರು ಸಹಿ ಮಾಡಿದ ಜಂಟಿ ಅಳತೆಯಲ್ಲಿ 3,900 ಇದೆ. ಕೊರತೆ 2,100. ಆದರೆ ಎಂಟನೇ ಮಹಡಿಯ 450 ಚದರ ಮೀಟರ್ ಗೋಡೆಯನ್ನು ವಿದ್ಯುತ್ ಪೈಪಿನ ಕೆಲಸ ಮುಗಿಯದ ಕಾರಣ ನಾವೇ ಬಿಟ್ಟುಕೊಟ್ಟಿಲ್ಲ ಎಂದಿಟ್ಟುಕೊಳ್ಳಿ. ಅದನ್ನು ಪತ್ರದಲ್ಲಿ ನೀವೇ ಒಪ್ಪಿಕೊಂಡು, ಗೋಡೆ ಒಪ್ಪಿಸುವ ದಿನಾಂಕವನ್ನೂ ಕೊಟ್ಟು, ಉಳಿದ 1,650ಕ್ಕೆ ಮಾತ್ರ ಅವರನ್ನು ಹೊಣೆ ಮಾಡಿ. ಇದನ್ನು ಮುಚ್ಚಿಟ್ಟರೆ ಅವರ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ, ನಿಮ್ಮ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಅಳತೆಯಾದ ಕೆಲಸದ ಬಿಲ್ಲು ನಿಮ್ಮ ಕಚೇರಿಯಲ್ಲಿ ಕೂತಿದ್ದರೆ ಅದನ್ನೂ ಪತ್ರಕ್ಕೆ ಮೊದಲೇ ಪಾವತಿ ಮಾಡಿಸಿ. ಕೂಲಿ ಬಟವಾಡೆಯಾಗದ ಕಡೆ ಗಾರೆಯವರು ನಿಲ್ಲುವುದಿಲ್ಲ.

ಇನ್ನು ಉಳಿದದ್ದು 10,500, ಇರುವುದು 14 ವಾರ: ವಾರಕ್ಕೆ 750, ಆರು ದಿನದ ವಾರದಲ್ಲಿ ದಿನಕ್ಕೆ 125. ಹಾಜರಿ ಪುಸ್ತಕದ ಪ್ರಕಾರ ಒಬ್ಬ ಗಾರೆಯವರು ದಿನಕ್ಕೆ ಸರಾಸರಿ 10 ಚದರ ಮೀಟರ್ ಮಾಡುತ್ತಿದ್ದರೆ, ದಿನವೂ 13 ಜನ ಗಾರೆಯವರು, ಅವರಿಗೆ ತಕ್ಕ ಸಹಾಯಕರು ಬೇಕು. ಈವರೆಗೆ ಬಂದಿರುವುದು ಸರಾಸರಿ ಆರೇಳು ಜನ. ಪತ್ರದ ಜೀವ ಈ ಒಂದು ಹೋಲಿಕೆಯಲ್ಲಿದೆ, ಏಕೆಂದರೆ ಜನ ಸಾಲದು ಎಂಬ ಮಾತಿಗೆ ಇಲ್ಲಿ ಯಾರೂ ಎದುರಾಡಲಾರರು.

ಬೇಡಿಕೆಯ ಭಾಗವನ್ನು ನಾನು ಹೀಗೆ ಬರೆಯುತ್ತೇನೆ:

"ಕಾರ್ಯಾದೇಶದ ಷರತ್ತಿನಂತೆ ಒಪ್ಪಿದ ವೇಳಾಪಟ್ಟಿಯ ಪ್ರಕಾರ ಕೆಲಸ ನಡೆಸಿ, ಅದಕ್ಕೆ ಸಾಕಷ್ಟು ಕಾರ್ಮಿಕರನ್ನು ಒದಗಿಸುವುದು ತಮ್ಮ ಹೊಣೆಯಾಗಿರುತ್ತದೆ. ಈ ಪತ್ರ ತಲುಪಿದ 7 ದಿನಗಳೊಳಗೆ, ಮಹಡಿವಾರು ಆರಂಭ ಮತ್ತು ಮುಕ್ತಾಯದ ದಿನಾಂಕ, ದಿನಕ್ಕೆ ಬರುವ ಗಾರೆಯವರ ಮತ್ತು ಸಹಾಯಕರ ಸಂಖ್ಯೆ, ಸಾರುವೆ ಸಾಮಗ್ರಿಯ ವಿವರಗಳುಳ್ಳ ರಿಕವರಿ ಪ್ರೋಗ್ರಾಂ ಸಲ್ಲಿಸಬೇಕೆಂದು ಕೋರುತ್ತೇವೆ. ಇದನ್ನು ಸ್ವೀಕರಿಸುವುದರಿಂದಾಗಲೀ, ತಡವಾದ ಕೆಲಸವನ್ನು ಒಪ್ಪಿಕೊಳ್ಳುವುದರಿಂದಾಗಲೀ ಅವಧಿ ವಿಸ್ತರಣೆಯಾದಂತಲ್ಲ. ವಿಳಂಬದ ನಷ್ಟವನ್ನು ವಸೂಲು ಮಾಡುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ."

ಷರತ್ತಿನ ಸಂಖ್ಯೆಯನ್ನು ನಿಮ್ಮ ಕಾರ್ಯಾದೇಶ ನೋಡಿಯೇ ಹಾಕಿ; ಹಳೆಯ ಕೆಲಸದ ಪತ್ರದಿಂದ ನಕಲು ಮಾಡಬೇಡಿ. ಕೊನೆಯ ವಾಕ್ಯವನ್ನಂತೂ ಬಿಡಲೇಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮಿನ ಪ್ರಕಾರ, ಕಾಲಮಿತಿಯೇ ಕರಾರಿನ ಸಾರವಾಗಿರುವಾಗ ತಡವಾದ ಕೆಲಸವನ್ನು ಒಪ್ಪಿಕೊಂಡವರು, ಪರಿಹಾರ ಕೇಳುವ ಉದ್ದೇಶವನ್ನು ಒಪ್ಪಿಕೊಳ್ಳುವಾಗಲೇ ತಿಳಿಸದಿದ್ದರೆ ಆ ವಿಳಂಬದ ನಷ್ಟಕ್ಕೆ ಪರಿಹಾರ ಕೇಳುವಂತಿಲ್ಲ. ವಾರಕ್ಕೆ ಇಷ್ಟು ಶೇಕಡಾ ಎಂದು ಕಾರ್ಯಾದೇಶದಲ್ಲಿ ದಂಡ ಬರೆದಿದ್ದರೂ 74ನೇ ಕಲಮಿನಡಿ ಸಿಗುವುದು ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರ ಮಾತ್ರ, ಆದ್ದರಿಂದ ಪತ್ರದಲ್ಲಿ ದೊಡ್ಡ ಮೊತ್ತ ಬರೆದು ಹೆದರಿಸಿ ಪ್ರಯೋಜನವಿಲ್ಲ. ಕರಾರು ರದ್ದು ಮಾಡುವ ಮಾತನ್ನೂ ಮೊದಲ ಪತ್ರದಲ್ಲಿ ತರಬೇಡಿ. ಅದಕ್ಕೆ ಬೇರೆ ನೋಟಿಸ್ ಮತ್ತು ಅವಧಿ ಇರುತ್ತದೆ.

ಜಂಟಿ ಅಳತೆಯ ಹಾಳೆಯನ್ನೂ ಹಾಜರಿಯ ಸಾರಾಂಶವನ್ನೂ ಲಗತ್ತಿಸಿ, ಕಾರ್ಯಾದೇಶದಲ್ಲಿರುವ ವಿಳಾಸಕ್ಕೆ ಅಲ್ಲಿ ಹೇಳಿದ ವಿಧಾನದಲ್ಲೇ ಕಳುಹಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮೇಸ್ತ್ರಿಗೆ ಕಳುಹಿಸಿದ ಫೋಟೋವನ್ನೇ ನೋಟಿಸ್ ಎಂದು ನಂಬಿ ಕೂರಬೇಡಿ.

ಬಂದ ಉತ್ತರದಲ್ಲಿ ಉದ್ದುದ್ದ ಗೆರೆಗಳ ಪಟ್ಟಿ ಮಾತ್ರ ಇದ್ದು ಜನರ ಸಂಖ್ಯೆ ಇಲ್ಲದಿದ್ದರೆ, ಅಥವಾ ಕೊನೆಯ ಮೂರು ವಾರಕ್ಕೆ ಕೆಲಸವನ್ನೆಲ್ಲ ತಳ್ಳಿದ್ದರೆ, ಕಾರಣ ಬರೆದು ಹಿಂತಿರುಗಿಸಿ. ಕೊನೆಯ ಗೋಡೆಗೂ ಕನಿಷ್ಠ ಏಳು ದಿನ ನೀರುಣಿಸಬೇಕು, ಅದಕ್ಕೆ ದಿನಾಂಕ ಬಿಟ್ಟಿದ್ದಾರೆಯೇ ನೋಡಿ. ಒಪ್ಪಿದ ಮೇಲೆ ಪ್ರತಿ ಶನಿವಾರ ಹಾಜರಿ ಎಣಿಸಿ. 13ರ ಬದಲು 8 ಜನ ಕಂಡರೆ ಅಳತೆಗೆ ಕಾಯಬೇಕಿಲ್ಲ, ಎರಡನೆಯ ಪತ್ರ ಅಂದೇ ಹೊರಡಲಿ.