ದಿನಕ್ಕೆ ಒಂದೇ ಕತೆ

ಪ್ರಶ್ನೆ: ಕೆಲಸ, ಮನೆ, ಮಕ್ಕಳು ಎಲ್ಲ ಮುಗಿದ ಮೇಲೆ ನನಗೆ ಓದಲು ಹತ್ತೇ ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಮುಗಿಯುವ ಪುಟ್ಟ ಕತೆಗಳ ಸಂಕಲನ ಯಾವುದಾದರೂ ಇದೆಯೇ?

ಸಾದತ್ ಹಸನ್ ಮಾಂಟೋ ಅವರ ‘ಸಿಯಾಹ್ ಹಾಶಿಯೇ’ಯಿಂದ ಆರಂಭಿಸಿ. ದೇಶವಿಭಜನೆಯ ಗಲಭೆಗಳ ಬಗ್ಗೆ 1948ರಲ್ಲಿ ಉರ್ದುವಿನಲ್ಲಿ ಬಂದ ಪುಸ್ತಕ. ಒಳಗಿರುವುದು 32 ತುಣುಕುಗಳು. ಕೆಲವು ಎರಡೇ ಸಾಲಿನವು, ಉದ್ದದವೂ ಕೆಲವೇ ಪುಟಗಳಲ್ಲಿ ಮುಗಿಯುತ್ತವೆ.

‘ಕರಾಮತ್’, ಅಂದರೆ ಪವಾಡ, ಎಂಬ ಕತೆಯನ್ನು ನೋಡಿ. ಲೂಟಿಯ ಮಾಲನ್ನು ಹುಡುಕಿಕೊಂಡು ಪೊಲೀಸರು ಮನೆಮನೆಗೆ ನುಗ್ಗುತ್ತಿದ್ದಾರೆ. ಹೆದರಿದ ಜನ ಕತ್ತಲಲ್ಲಿ ಮಾಲನ್ನು ಹೊರಗೆ ಎಸೆಯುತ್ತಿದ್ದಾರೆ. ಒಬ್ಬನ ಬಳಿ ಎರಡು ಮೂಟೆ ಸಕ್ಕರೆಯಿದೆ. ಒಂದನ್ನು ಬಾವಿಗೆ ಹಾಕುತ್ತಾನೆ. ಎರಡನೆಯದನ್ನು ಹಾಕುವಾಗ ತಾನೂ ಜೊತೆಗೇ ಬೀಳುತ್ತಾನೆ. ಜನ ಹಗ್ಗ ಇಳಿಬಿಟ್ಟು ಎತ್ತುತ್ತಾರೆ, ಆದರೂ ಕೆಲವು ಗಂಟೆಗಳಲ್ಲಿ ಅವನು ಸಾಯುತ್ತಾನೆ. ಮರುದಿನ ಬಾವಿಯ ನೀರು ಸಿಹಿ. ಆ ರಾತ್ರಿ ಅವನ ಗೋರಿಯ ಮೇಲೆ ದೀಪಗಳು ಉರಿಯುತ್ತಿವೆ. ಕತೆ ಅಲ್ಲಿಗೇ ನಿಲ್ಲುತ್ತದೆ. ಜನ ಏನೆಂದುಕೊಂಡರು ಎಂಬುದನ್ನು ಮಾಂಟೋ ಹೇಳುವುದಿಲ್ಲ, ಆ ಲೂಟಿಕೋರನನ್ನು ಬೈಯುವುದೂ ಇಲ್ಲ. ನೀರು ಸಿಹಿಯಾದದ್ದಕ್ಕೂ ದೀಪ ಹಚ್ಚಿದ್ದಕ್ಕೂ ನಡುವಿನ ಕೊಂಡಿಯನ್ನು ನಾವೇ ಹಾಕಿಕೊಳ್ಳಬೇಕು. ಓದಲು ಎರಡು ನಿಮಿಷ ಸಾಕು, ಉಳಿದ ಎಂಟು ನಿಮಿಷ ಬೇಕಾಗುವುದು ಈ ಕೊಂಡಿಗೆ.

ಆದ್ದರಿಂದಲೇ ಈ ಪುಸ್ತಕವನ್ನು ರಜೆಯ ದಿನ ಒಂದೇ ಸಲಕ್ಕೆ ಓದಬೇಡಿ. ಗಂಟೆಯೊಳಗೆ ಮುಗಿದುಬಿಡುತ್ತದೆ ನಿಜ, ಆದರೆ ಹತ್ತು ಕತೆಗಳಾಗುವಷ್ಟರಲ್ಲಿ ಮನಸ್ಸು ಕೊನೆಯ ಸಾಲಿನ ಏಟಿಗೆ ಮೊದಲೇ ಸಿದ್ಧವಾಗಿ ಕಾಯತೊಡಗುತ್ತದೆ, ಹೆಣಗಳೆಲ್ಲ ಒಂದೇ ಆಗಿ ಕಾಣುತ್ತವೆ. ಹಾಗೆ ಅನ್ನಿಸಿದ ಕೂಡಲೇ ಮುಚ್ಚಿಡಿ. ಮಲಗುವ ಮುನ್ನವೂ ಬೇಡ. ಇದರ ಕ್ರೌರ್ಯ ನಿದ್ದೆಗೆ ಒಳ್ಳೆಯದಲ್ಲ. ಉರ್ದು ಲಿಪಿ ಬಾರದಿದ್ದರೆ ಚಿಂತೆಯಿಲ್ಲ, ಇಂಗ್ಲಿಷ್ ಅನುವಾದಗಳಿವೆ.

ರಾತ್ರಿಯೇ ನಿಮ್ಮ ಬಿಡುವಾದರೆ ಜಪಾನಿನ ಯಾಸುನಾರಿ ಕವಾಬಾಟ ಅವರ ‘ಅಂಗೈ ಕತೆಗಳು’ ನಿಮಗೆ ಸರಿಹೊಂದುತ್ತವೆ. 1920ರ ದಶಕದಿಂದ ಬದುಕಿನ ಕೊನೆಯವರೆಗೂ ಅವರು ಇವನ್ನು ಬರೆಯುತ್ತಲೇ ಇದ್ದರು. ಎಪ್ಪತ್ತು ಕತೆಗಳ ಇಂಗ್ಲಿಷ್ ಸಂಕಲನವೊಂದು 1988ರಲ್ಲಿ ಬಂದಿದೆ. ಅದರಲ್ಲಿರುವ ಮಿಡತೆಯ ಕತೆ ನನಗೆ ಬಹಳ ಪ್ರಿಯ. ಮಕ್ಕಳು ತಾವೇ ಮಾಡಿದ ಬಣ್ಣದ ಕಾಗದದ ಲಾಂದ್ರ ಹಿಡಿದು ಹುಳು ಹುಡುಕುತ್ತಿದ್ದಾರೆ. ಲಾಂದ್ರದಲ್ಲಿ ಕೊರೆದ ಹುಡುಗನ ಹೆಸರು ಹುಡುಗಿಯ ಎದೆಯ ಮೇಲೆ ಹಸಿರು ಬೆಳಕಾಗಿ ಬೀಳುತ್ತದೆ, ಅವಳ ಹೆಸರು ಅವನ ಸೊಂಟದ ಮೇಲೆ ಕೆಂಪಾಗಿ. ಇಬ್ಬರಿಗೂ ಅದು ಗೊತ್ತಾಗುವುದಿಲ್ಲ. ಇಲ್ಲಿ ಕೊನೆಗೆ ಏಟು ಇರುವುದಿಲ್ಲ, ಕೆಲವು ಕತೆಗಳು ಮೊದಲ ಓದಿಗೆ ಏನೂ ಆಗದೆ ಮುಗಿದಂತೆ ಅನ್ನಿಸಬಹುದು. ಅಂಥದ್ದನ್ನು ಮರುದಿನ ಮತ್ತೊಮ್ಮೆ ಓದಿ.

ಕನ್ನಡದಲ್ಲೇ ಬೇಕೆಂದರೆ ಎಸ್. ದಿವಾಕರ್ ಅವರ ‘ಜಗತ್ತಿನ ಅತಿ ಸಣ್ಣ ಕತೆಗಳು’ ಹುಡುಕಿ. ಹಲವು ದೇಶಗಳ ಲೇಖಕರು ಒಂದೇ ಕಡೆ ಸಿಗುವುದರಿಂದ, ನಿಮಗೆ ಯಾರ ಬರವಣಿಗೆ ಹಿಡಿಸುತ್ತದೆ ಎಂದು ನೋಡಿಕೊಂಡು ಅವರ ಸ್ವಂತ ಸಂಕಲನಕ್ಕೆ ಹೋಗಬಹುದು.