ಹಳೇ ಟಿವಿಯಲ್ಲಿ ಜಾಗ ಮಾಡೋದು: ಪೆನ್‌ಡ್ರೈವ್‌ಗಿಂತ ಮೊದಲು ಇದನ್ನು ನೋಡಿ

ಪ್ರಶ್ನೆ: "ನಮ್ಮನೆ ಆಂಡ್ರಾಯ್ಡ್ ಟಿವಿ ಹಳೇದು, 8 ಜಿಬಿ. ಹೊಸ ಆ್ಯಪ್ ಹಾಕೋಕೆ ಹೋದ್ರೆ ಜಾಗ ಇಲ್ಲ ಅನ್ನುತ್ತೆ. ಬೇಡದ್ದನ್ನೆಲ್ಲ ತೆಗೆದುಹಾಕಲಾ, ಇಲ್ಲ ಒಂದು ದೊಡ್ಡ ಪೆನ್‌ಡ್ರೈವ್ ಹಾಕಿದ್ರೆ ಸಾಕಾ?"

ಎರಡೂ ಬೇಡ. "ಬೇಡದ್ದನ್ನೆಲ್ಲ" ಅನ್ನೋ ಮಾತೇ ನನಗೆ ದುಬಾರಿ ಆಗಿದ್ದು.

ಮಂಡ್ಯದಲ್ಲಿ ಅಮ್ಮನ ಮನೆಯಲ್ಲಿ ಇಂಥದೇ ಟಿವಿ ಇದೆ. 32 ಇಂಚು, 8 ಜಿಬಿ, ಆಂಡ್ರಾಯ್ಡ್ 8. ಮೈಸೂರಿನಿಂದ ಭಾನುವಾರ ಹೋದಾಗ ಟಿವಿ ರಿಪೇರಿಯೂ ನನ್ನದೇ ಪಾಲಿಗೆ ಬರುತ್ತದೆ. ತಂಗಿ ಒಂದು ಹೊಸ ಆ್ಯಪ್ ಹಾಕಿಕೊಡು ಅಂದಳು. ಅದು 90 ಎಂಬಿ. ಟಿವಿಯಲ್ಲಿ 290 ಎಂಬಿ ಖಾಲಿ ಇತ್ತು. ಆದರೂ ಜಾಗ ಸಾಲದು ಅಂತ ಹಟ. ಲೆಕ್ಕವೇ ತಪ್ಪಿದೆ ಅನಿಸಿತು. ತಪ್ಪಿರಲಿಲ್ಲ. ಆಂಡ್ರಾಯ್ಡ್ ಒಟ್ಟು ಜಾಗದಲ್ಲಿ ಸುಮಾರು ಶೇ. 5ರಷ್ಟನ್ನು ತನ್ನ ಕೆಲಸಕ್ಕೆ ಅಂತ ಮುಟ್ಟಗೊಡುವುದಿಲ್ಲ. ಆ ಟಿವಿಯಲ್ಲಿ ನಮ್ಮ ಕೈಗೆ ಸಿಗುವುದು ನಾಲ್ಕೂವರೆ ಜಿಬಿ ಅಷ್ಟೆ, ಉಳಿದದ್ದು ಟಿವಿಯ ಸ್ವಂತ ಸಾಫ್ಟ್‌ವೇರ್‌ಗೆ ಹೋಗಿದೆ. ಆ ನಾಲ್ಕೂವರೆ ಜಿಬಿಯಲ್ಲಿ ಶೇ. 5 ಅಂದರೆ 225 ಎಂಬಿ. ನಿಜವಾಗಿ ಖಾಲಿ ಇದ್ದದ್ದು 65 ಎಂಬಿ. ಅದರ ಮೇಲೆ 90 ಎಂಬಿ ಆ್ಯಪ್ ಇಳಿದ ಮೇಲೆ ಬಿಚ್ಚಿಕೊಂಡು, ಓಡೋದಕ್ಕೆ ತಯಾರಾಗುವಾಗ ಇನ್ನಷ್ಟು ಜಾಗ ತಿನ್ನುತ್ತದೆ.

ಇದೆಲ್ಲ ಆಮೇಲೆ ಗೊತ್ತಾಗಿದ್ದು. ಅವತ್ತು ನಾನು ಮಾಡಿದ್ದು, Settings ಒಳಗೆ Apps ತೆರೆದು, ಯಾರೂ ನೋಡಲ್ಲ ಅನಿಸಿದ್ದಕ್ಕೆಲ್ಲ Uninstall ಒತ್ತುತ್ತಾ ಹೋಗಿದ್ದು. ಅಕ್ಕನ ಮಗ ಹಾಕಿದ್ದ ಕಾರ್ ಗೇಮ್ ಹೋಯಿತು, 400 ಎಂಬಿ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಕೆಲಸ ಮುಗಿದಿತ್ತು. ಪಟ್ಟಿಯಲ್ಲಿ ಕೆಳಗೆ ಒಂದು ಕನ್ನಡ ಚಾನೆಲ್‌ನ ಆ್ಯಪ್ ಇತ್ತು. ಅಪ್‌ಡೇಟ್ ಆಗದೇ ಎಷ್ಟೋ ಕಾಲ ಆಗಿತ್ತು. ಸತ್ತ ಆ್ಯಪ್ ಅಂದುಕೊಂಡು ಅದನ್ನೂ ತೆಗೆದೆ. ಸಂಜೆ ಅಮ್ಮ ರಿಮೋಟ್ ಹಿಡಿದು ಕೂತರು. "ಅದೇನ್ಲಾ ಮಾಡ್ದೆ? ನನ್ ಸೀರಿಯಲ್ಲು ಎಲ್ಲೋಯ್ತು?"

ಮತ್ತೆ ಹಾಕಿದರಾಯಿತು ಅಂತ ಪ್ಲೇ ಸ್ಟೋರ್‌ಗೆ ಹೋದೆ. ಹುಡುಕಿದರೆ ಸಿಗಲೇ ಇಲ್ಲ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಹಳೇ ಟಿವಿಗೂ ಹೊಸ ಫೋನಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಫೋನಿನಲ್ಲಿ ತೆಗೆದದ್ದು ಸಾಮಾನ್ಯವಾಗಿ ಮತ್ತೆ ಸಿಗುತ್ತದೆ. ಹಳೇ ಟಿವಿಯಲ್ಲಿ ಹಾಗಲ್ಲ. ಆ್ಯಪ್ ಮಾಡುವವರು ಒಂದು ಹಂತದಲ್ಲಿ ಹಳೇ ಆಂಡ್ರಾಯ್ಡ್ ಅನ್ನು ಕೈಬಿಡುತ್ತಾರೆ. ಹಳೇ ಆವೃತ್ತಿಯನ್ನೂ ಸ್ಟೋರ್‌ನಲ್ಲಿ ಉಳಿಸಿಕೊಂಡಿದ್ದರೆ ನಿಮ್ಮ ಟಿವಿಗೆ ಅದೇ ಸಿಗುತ್ತದೆ. ತೆಗೆದುಬಿಟ್ಟಿದ್ದರೆ ನಿಮ್ಮ ಟಿವಿಗೆ ಆ ಆ್ಯಪ್ ಇಲ್ಲವೇ ಇಲ್ಲ. ಆದರೆ ಆಗಲೇ ಟಿವಿಯೊಳಗೆ ಇರುವ ಪ್ರತಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ. ಅಪ್‌ಡೇಟ್ ಬಂದಿಲ್ಲ ಅನ್ನೋದು ಅದು ಬೇಡ ಅನ್ನೋದಕ್ಕೆ ಗುರುತಲ್ಲ. ಎಷ್ಟೋ ಸಲ ಮತ್ತೆ ಸಿಗಲ್ಲ ಅನ್ನೋದಕ್ಕೆ ಗುರುತು.

ತೆಗೆಯುವ ಮೊದಲು ತಿಳಿಯುವ ದಾರಿ ಇದೆ. ಫೋನಿನಲ್ಲಿ ಅಲ್ಲ, ಕಂಪ್ಯೂಟರ್ ಬ್ರೌಸರ್‌ನಲ್ಲಿ `play.google.com` ತೆರೆಯಿರಿ. ಟಿವಿಯಲ್ಲಿರುವ ಅದೇ ಗೂಗಲ್ ಅಕೌಂಟ್‌ನಿಂದ ಲಾಗಿನ್ ಆಗಿ. ಆ್ಯಪ್‌ನ ಪುಟದಲ್ಲಿ ಅದು ನಿಮ್ಮ ಯಾವ ಯಾವ ಸಾಧನಕ್ಕೆ ಹೊಂದುತ್ತದೆ ಅಂತ ತೋರಿಸುತ್ತದೆ. ಅಲ್ಲಿ ನಿಮ್ಮ ಟಿವಿಗೆ ಹೊಂದಲ್ಲ ಅಂತ ಬಂದರೆ ಆ ಆ್ಯಪ್ ಮುಟ್ಟಬೇಡಿ. ಇದಕ್ಕೆ ಎರಡು ನಿಮಿಷ ಸಾಕು. ನಾನು ನೋಡಲಿಲ್ಲ. ಕೊನೆಗೆ ಅಮ್ಮನ ಸೀರಿಯಲ್‌ಗೋಸ್ಕರ ಎಚ್‌ಡಿಎಂಐಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ತಂದೆ. ಮೂರು ಸಾವಿರದ ಹತ್ತಿರ ಹೋಯಿತು. ಅದಕ್ಕೆ ಬೇರೆ ರಿಮೋಟ್. ಅದನ್ನು ಅಮ್ಮ ಇವತ್ತಿಗೂ ಒಪ್ಪಿಲ್ಲ.

ಹಾಗಾದರೆ ಜಾಗ ಎಲ್ಲಿಂದ ಬರಬೇಕು? ಮೊದಲು ನೀವೇ ಹಾಕಿದ ದೊಡ್ಡ ಗೇಮ್ ಇದ್ದರೆ ಅದು. ಆಮೇಲೆ ಕಂಪನಿಯೇ ಕೊಟ್ಟ ಆ್ಯಪ್‌ಗಳು. ಅವಕ್ಕೆ Uninstall ಇರಲ್ಲ, ಅದಕ್ಕೇ ಜನ ಅವನ್ನು ಬಿಟ್ಟುಬಿಡುತ್ತಾರೆ. ಆದರೆ ಅವುಗಳಲ್ಲಿ ಎರಡು ಪದರ ಇದೆ. ಕಾರ್ಖಾನೆಯಿಂದ ಬಂದ ಪ್ರತಿ ಟಿವಿಯ ಸ್ವಂತ ಭಾಗದಲ್ಲಿ ಕೂತಿರುತ್ತದೆ. ಅದನ್ನು ತೆಗೆಯೋಕೆ ಆಗಲ್ಲ, ತೆಗೆದರೂ ನಿಮಗೆ ಜಾಗ ಸಿಗಲ್ಲ. ಆಮೇಲೆ ಬಂದ ಅಪ್‌ಡೇಟ್ ಮಾತ್ರ ನಿಮ್ಮ ನಾಲ್ಕೂವರೆ ಜಿಬಿಯಲ್ಲಿ ಎರಡನೇ ಪ್ರತಿಯಾಗಿ ಬಂದು ಕೂರುತ್ತದೆ. Uninstall updates ಒತ್ತಿದರೆ ಆ ಎರಡನೇ ಪ್ರತಿ ಹೋಗುತ್ತದೆ. ಆಮೇಲೆ Disable ಒತ್ತಿ. ಇಲ್ಲದಿದ್ದರೆ ಅದು ಮತ್ತೆ ಅಪ್‌ಡೇಟ್ ಆಗಿ ಸದ್ದಿಲ್ಲದೆ ವಾಪಸ್ ಬರುತ್ತದೆ.

ಅಮ್ಮನ ಟಿವಿಯಲ್ಲಿ ನಾನು ಹೀಗೆ ಮಲಗಿಸಿದ್ದು Google Play Movies & TV ಮತ್ತು Google Play Games. ಮೊದಲನೆಯದನ್ನು ಗೂಗಲ್ಲೇ 2023ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಟಿವಿಗಳಲ್ಲಿ ನಿಲ್ಲಿಸಿದೆ, ಇಟ್ಟುಕೊಂಡು ಏನೂ ಪ್ರಯೋಜನ ಇಲ್ಲ. ಎರಡರಿಂದ 180 ಎಂಬಿ ಬಂತು. ಈ ಕೆಲಸ ಮೊದಲೇ ಮಾಡಿದ್ದರೆ ಚಾನೆಲ್ ಆ್ಯಪ್ ಮುಟ್ಟುವ ಪ್ರಮೇಯವೇ ಇರಲಿಲ್ಲ. ಇದೇ ಹುರುಪಲ್ಲಿ Google Play services, Android System WebView ಎರಡಕ್ಕೂ ಕೈ ಹಾಕಬೇಡಿ. ಮೊದಲನೆಯದು ಹಳೇ ಆವೃತ್ತಿಗೆ ಹಿಂದೆ ಹೋದರೆ ಲಾಗಿನ್ ಕೆಡಬಹುದು. ಎರಡನೆಯದು ಹಿಂದೆ ಹೋದರೆ ಬೇರೆ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳಬಹುದು.

ಅಷ್ಟೇ ಮುಖ್ಯವಾದದ್ದು, ಟಿವಿಯ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ Auto-update apps ಆಫ್ ಮಾಡುವುದು. ಮಾಡದಿದ್ದರೆ ಇವತ್ತು ಬಿಡಿಸಿದ ಜಾಗ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ನೋಡುವ ಆ್ಯಪ್‌ಗಳನ್ನು ಮಾತ್ರ ನೀವೇ ಆಗಾಗ ಅಪ್‌ಡೇಟ್ ಮಾಡಿ. Clear cache ಬಗ್ಗೆ ಎಲ್ಲರೂ ಹೇಳುತ್ತಾರೆ. ಒತ್ತಿ, ತೊಂದರೆ ಇಲ್ಲ, ಆದರೆ ಆ ಜಾಗ ಒಂದು ಸಿನಿಮಾ ನೋಡುವಷ್ಟರಲ್ಲಿ ಮತ್ತೆ ಹೋಗಿರುತ್ತದೆ. ಪಕ್ಕದ Clear data ಬೇರೆ ವಿಷಯ. ಅದು ಲಾಗಿನ್ ಸಮೇತ ಅಳಿಸುತ್ತದೆ. ಪಾಸ್‌ವರ್ಡ್ ನೆನಪಿದ್ದರೆ ಮಾತ್ರ ಒತ್ತಿ.

ಇನ್ನು ಪೆನ್‌ಡ್ರೈವ್. ಸುಮ್ನೆ ಚುಚ್ಚಿದರೆ ಅದರಲ್ಲಿ ವಿಡಿಯೋ ನೋಡಬಹುದು ಅಷ್ಟೆ, ಆ್ಯಪ್ ಹೋಗಿ ಕೂರಲ್ಲ. ಅದನ್ನು ಟಿವಿಯ ಸ್ಟೋರೇಜ್ ಆಗಿ ಫಾರ್ಮ್ಯಾಟ್ ಮಾಡಬೇಕು. ಕೆಲವು ಟಿವಿಗಳಲ್ಲಿ ಆ ಆಯ್ಕೆಯೇ ಇಲ್ಲ. ಇದ್ದರೂ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅದು ಆ ಒಂದು ಟಿವಿಗೆ ಮಾತ್ರ ಅರ್ಥವಾಗುವ ಹಾಗೆ ಬೀಗ ಬೀಳುತ್ತದೆ. ಮಕ್ಕಳು ಎಳೆದು ತೆಗೆದರೆ ಅದರಲ್ಲಿದ್ದ ಆ್ಯಪ್‌ಗಳು ಅಲ್ಲಿಗೆ ನಿಂತವು. ಎಲ್ಲ ಆ್ಯಪ್‌ಗಳೂ ಅಲ್ಲಿಗೆ ಹೋಗೋಕೆ ಒಪ್ಪುವುದೂ ಇಲ್ಲ. ಹೋದವು ಅಗ್ಗದ ಪೆನ್‌ಡ್ರೈವ್‌ನಲ್ಲಿ ತೆವಳುತ್ತವೆ. ಅದಕ್ಕೆ ಖರ್ಚು ಮಾಡುವ ದುಡ್ಡನ್ನು ಸ್ಟಿಕ್‌ಗೆ ಸೇರಿಸಿ ಅನ್ನುವವನು ನಾನು. ಆದರೆ ಮೊದಲು ಮೇಲಿನದು ಮಾಡಿ.

ಎಲ್ಲ ಮಾಡಿಯೂ Settings, Device Preferences, Storage ಒಳಗೆ 500 ಎಂಬಿಗಿಂತ ಕಮ್ಮಿ ಖಾಲಿ ತೋರಿಸಿದರೆ ಆ ಟಿವಿಗೆ ಹೊಸ ಆ್ಯಪ್ ಹಾಕಬೇಡಿ. ಅಲ್ಲಿ ಸ್ಟಿಕ್ ಒಂದೇ ದಾರಿ. ಟಿವಿ ಬದಲಾಯಿಸೋಕೆ ಮಾತ್ರ ಹೋಗಬೇಡಿ, ಪರದೆ ಚೆನ್ನಾಗಿದೆ ಅಲ್ವಾ?